ಯಾವ ಬಾಕಿ ಕರೆಂಟ್, ಯಾವುದು ನಾನ್-ಕರೆಂಟ್: ಮಾರ್ಚ್ 31ರ ಬ್ಯಾಲೆನ್ಸ್ ಶೀಟ್‌ನಲ್ಲಿ ವಿಂಗಡಿಸಿ ಕರೆಂಟ್ ರೇಷಿಯೋ ಸರಿಯಾಗಿ ತೆಗೆಯುವ ಕ್ರಮ

ಕರೆಂಟ್ ರೇಷಿಯೋದಲ್ಲಿ ಇರುವುದು ಒಂದೇ ಒಂದು ಭಾಗಾಕಾರ. ಸಾಮಾನ್ಯವಾಗಿ ಒಂದು ವರ್ಷದೊಳಗೆ ದುಡ್ಡಾಗುವ ಕರೆಂಟ್ ಆಸ್ತಿಯನ್ನು, ಅಷ್ಟರೊಳಗೆ ತೀರಿಸಬೇಕಾದ ಕರೆಂಟ್ ಹೊಣೆಯಿಂದ ಭಾಗಿಸಿದರೆ ಮುಗಿಯಿತು. ಆದರೂ ಸಣ್ಣ ಕಂಪನಿಗಳ ಲೋನ್ ಫೈಲುಗಳು ಬ್ಯಾಂಕಿನಿಂದ ವಾಪಸ್ ಬರುವುದಕ್ಕೆ ಈ ರೇಷಿಯೋ ಪದೇ ಪದೇ ಕಾರಣ ಆಗುತ್ತದೆ. ಅಕೌಂಟೆಂಟ್ ಒಂದು ಸಂಖ್ಯೆ ಬರೆದಿರುತ್ತಾರೆ, ಆಡಿಟರ್ ಇನ್ನೊಂದು ತೆಗೆಯುತ್ತಾರೆ, ಬ್ಯಾಂಕಿನವರು ಮೂರನೆಯದು ಹೇಳುತ್ತಾರೆ. ಮೂವರ ಕೈಯಲ್ಲೂ ಇರುವುದು ಎಲ್ಲ ಖಾತೆಗಳ ಬಾಕಿ ತೋರಿಸುವ ಅದೇ ಟ್ರಯಲ್ ಬ್ಯಾಲೆನ್ಸ್. ವ್ಯತ್ಯಾಸ ಇರುವುದು ಯಾವ ಬಾಕಿಯನ್ನು ಯಾವ ಕಡೆ ಹಾಕಿದರು ಎನ್ನುವುದರಲ್ಲಿ.

ಇಲ್ಲಿ ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆವರೆಗೆ ಬಿಡಿಸೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂತ ಇಟ್ಟುಕೊಳ್ಳಿ. 2025ರ ಮಾರ್ಚ್ 31ಕ್ಕೆ ಅದರ ಕರೆಂಟ್ ಆಸ್ತಿ 150 ಲಕ್ಷ. ಅದರಲ್ಲಿ ಸ್ಟಾಕ್ 58 ಲಕ್ಷ, ಗ್ರಾಹಕರಿಂದ ಬರಬೇಕಾದ ಹಣ 74 ಲಕ್ಷ, ನಗದು ಮತ್ತು ಬ್ಯಾಂಕ್ 6 ಲಕ್ಷ, ಮುಂಗಡ ಮತ್ತಿತರ 12 ಲಕ್ಷ. ಹೊರಗಿನವರಿಗೆ ಕೊಡಬೇಕಾದ್ದು ಹೀಗಿದೆ:

| ಬಾಕಿ | ಲಕ್ಷ ರೂಪಾಯಿ |
|---|---|
| ಮೆಷಿನ್ ಟರ್ಮ್ ಲೋನ್ | 60 |
| ಕ್ಯಾಶ್ ಕ್ರೆಡಿಟ್ | 40 |
| ಕಚ್ಚಾ ಮಾಲು ಕೊಟ್ಟವರಿಗೆ ಬಾಕಿ | 38 |
| ನಿರ್ದೇಶಕರು ಕಂಪನಿಗೆ ಕೊಟ್ಟ ಸಾಲ | 20 |
| ಗ್ರಾಚ್ಯುಟಿ ಪ್ರಾವಿಷನ್ | 9 |
| ಜಿಎಸ್‌ಟಿ, ಟಿಡಿಎಸ್, ಪಿಎಫ್ ಬಾಕಿ | 6 |
| ಗ್ರಾಹಕರಿಂದ ಪಡೆದ ಮುಂಗಡ | 5 |
| ಸಂಬಳ, ವಿದ್ಯುತ್ ಬಿಲ್ ಬಾಕಿ | 4 |
| ಒಟ್ಟು | 182 |

ಈ 182 ಲಕ್ಷ ಕೊನೆವರೆಗೂ 182 ಲಕ್ಷವೇ ಆಗಿರುತ್ತದೆ. ಬದಲಾಗುವುದು ಅದರೊಳಗಿನ ಗೆರೆ ಮಾತ್ರ.

## ಶುರು ಮಾಡುವ ಮೊದಲು ಟೇಬಲ್ ಮೇಲೆ ಇರಬೇಕಾದ್ದು

ಟ್ರಯಲ್ ಬ್ಯಾಲೆನ್ಸ್ ಒಂದರಿಂದಲೇ ಈ ಕೆಲಸ ಆಗುವುದಿಲ್ಲ. ಅದರಲ್ಲಿ ಎಷ್ಟು ಬಾಕಿ ಎಂದು ಇರುತ್ತದೆ, ಯಾವಾಗ ಕೊಡಬೇಕು ಎಂದು ಇರುವುದಿಲ್ಲ. ಹಾಗಾಗಿ ಪ್ರತಿ ಟರ್ಮ್ ಲೋನ್‌ನ ಸ್ಯಾಂಕ್ಷನ್ ಲೆಟರ್, ಬ್ಯಾಂಕ್ ಕೊಟ್ಟ ಮರುಪಾವತಿ ಶೆಡ್ಯೂಲ್, ಮಾರ್ಚ್ 31ರ ಲೋನ್ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ನಿರ್ದೇಶಕರ ಸಾಲಕ್ಕೆ ಒಪ್ಪಂದ ಇದ್ದರೆ ಅದರ ಪ್ರತಿ ಬೇಕು. ಗ್ರಾಚ್ಯುಟಿಗೆ ಆಕ್ಚುಯರಿ ವರದಿ ಬೇಕು, ಅಂದರೆ ಮುಂದೆ ಕೊಡಬೇಕಾದ ಗ್ರಾಚ್ಯುಟಿಯನ್ನು ಲೆಕ್ಕ ಹಾಕುವ ಪರಿಣತರ ವರದಿ. ಲೆಕ್ಕಕ್ಕೆ ಎಕ್ಸೆಲ್ ಸಾಕು.

ಶೆಡ್ಯೂಲ್ ಕೈಗೆ ಬರುವ ಮೊದಲೇ ಅಂದಾಜಿನಲ್ಲಿ ವಿಂಗಡಿಸಿ, ಆಮೇಲೆ ಸರಿ ಮಾಡೋಣ ಎಂದು ಬಿಡಬೇಡಿ. ಆ ಆಮೇಲೆ ಬರುವ ಹೊತ್ತಿಗೆ ಬ್ಯಾಲೆನ್ಸ್ ಶೀಟ್‌ಗೆ ಸಹಿ ಬಿದ್ದಿರುತ್ತದೆ.

## ಹಂತ 1: ಟ್ಯಾಲಿ ಪರದೆಯ ರೇಷಿಯೋವನ್ನು ಬದಿಗಿಡಿ

ಅತಿ ಹೆಚ್ಚು ತಪ್ಪು ಹುಟ್ಟುವ ಜಾಗ ಇದೇ. ಟ್ಯಾಲಿಯ `Ratio Analysis` ತೆರೆದು ಅಲ್ಲಿ ಕಂಡ ಕರೆಂಟ್ ರೇಷಿಯೋವನ್ನು ಹಾಗೇ ಲೋನ್ ಅರ್ಜಿಗೆ ಬರೆಯುತ್ತಾರೆ.

ಟ್ಯಾಲಿ ಗುಂಪುಗಳನ್ನು ನೋಡಿ ಕೂಡುತ್ತದೆ, ದಿನಾಂಕವನ್ನು ನೋಡುವುದಿಲ್ಲ. ಕ್ಯಾಶ್ ಕ್ರೆಡಿಟ್ ಖಾತೆಯನ್ನು ಸಾಮಾನ್ಯವಾಗಿ `Bank OD A/c` ಗುಂಪಿನಲ್ಲಿ ತೆರೆಯುತ್ತಾರೆ. ಆ ಗುಂಪು ಟ್ಯಾಲಿಯಲ್ಲಿ ಇರುವುದು `Loans (Liability)` ಕೆಳಗೆ, `Current Liabilities` ಕೆಳಗಲ್ಲ. ಟರ್ಮ್ ಲೋನ್ `Secured Loans`ನಲ್ಲಿ, ನಿರ್ದೇಶಕರ ಸಾಲ `Unsecured Loans`ನಲ್ಲಿ ಕೂರುತ್ತವೆ. ಇವೂ `Loans (Liability)` ಕೆಳಗೇ ಬರುತ್ತವೆ. ಗ್ರಾಚ್ಯುಟಿಯನ್ನು `Provisions`ನಲ್ಲಿ ಹಾಕಿದ್ದರೆ ಅದು ಇಡಿಯಾಗಿ `Current Liabilities`ಗೆ ಸೇರಿಬಿಡುತ್ತದೆ.

ನಮ್ಮ ಕಂಪನಿಯಲ್ಲಿ ಹೀಗೆ ಆದಾಗ `Current Liabilities` ಗುಂಪಿಗೆ ಬರುವುದು 38 + 6 + 5 + 4 + 9, ಅಂದರೆ 62 ಲಕ್ಷ ಮಾತ್ರ. 150 ಭಾಗಿಸು 62 ಎಂದರೆ 2.42. ನೋಡೋಕೆ ಬಹಳ ಚೆನ್ನಾಗಿದೆ. ಆದರೆ ಬ್ಯಾಂಕ್ ಕೇಳಿದ ತಕ್ಷಣ ತೀರಿಸಬೇಕಾದ 40 ಲಕ್ಷದ ಕ್ಯಾಶ್ ಕ್ರೆಡಿಟ್ಟೇ ಈ ಲೆಕ್ಕದಲ್ಲಿ ಇಲ್ಲ!

ಟ್ಯಾಲಿಯನ್ನು ದೂರಿ ಪ್ರಯೋಜನ ಇಲ್ಲ, ಅದರ ಗುಂಪುಗಳು ಖಾತೆ ಬರೆಯುವುದಕ್ಕೆ ಮಾಡಿದವು. ಲೆಡ್ಜರ್ ಬಾಕಿಗಳನ್ನು ಎಕ್ಸೆಲ್‌ಗೆ ತೆಗೆದುಕೊಂಡು ಪಕ್ಕದಲ್ಲಿ ಎರಡು ಕಾಲಂ ಮಾಡಿ, ಕರೆಂಟ್ ಮತ್ತು ನಾನ್-ಕರೆಂಟ್. ಮುಂದಿನ ಹಂತಗಳೆಲ್ಲ ಈ ಕಾಲಂಗಳನ್ನು ತುಂಬುವ ಕೆಲಸ.

## ಹಂತ 2: ಪ್ರತಿ ಬಾಕಿಗೂ ನಾಲ್ಕು ಪ್ರಶ್ನೆ ಕೇಳಿ

ಕಂಪನಿ ಕಾಯ್ದೆ 2013ರ 3ನೇ ಶೆಡ್ಯೂಲ್ ನಾಲ್ಕು ಪರೀಕ್ಷೆ ಕೊಡುತ್ತದೆ. ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಹೌದು ಎಂದು ಉತ್ತರ ಬಂದರೂ ಆ ಬಾಕಿ ಕರೆಂಟ್. ಉಳಿದದ್ದೆಲ್ಲ ನಾನ್-ಕರೆಂಟ್.

1. ಕಂಪನಿಯ ಮಾಮೂಲಿ ಆಪರೇಟಿಂಗ್ ಸೈಕಲ್ ಒಳಗೆ ಇದನ್ನು ತೀರಿಸುತ್ತೇವಾ?
2. ಇದನ್ನು ಮುಖ್ಯವಾಗಿ ಕೊಳ್ಳು-ಮಾರು ವ್ಯವಹಾರಕ್ಕೇ ಇಟ್ಟುಕೊಂಡಿದ್ದೇವಾ?
3. ಬ್ಯಾಲೆನ್ಸ್ ಶೀಟ್ ದಿನಾಂಕದಿಂದ 12 ತಿಂಗಳೊಳಗೆ ಇದನ್ನು ಕೊಡಬೇಕಾ?
4. ಕನಿಷ್ಠ 12 ತಿಂಗಳು ಮುಂದೂಡುವ ಬೇಷರತ್ ಹಕ್ಕು ನಮಗೆ ಇಲ್ಲವಾ?

ಎರಡನೆಯದು ಹಣಕಾಸು ಪತ್ರಗಳ ವ್ಯಾಪಾರ ಮಾಡುವವರಿಗೆ ಸಂಬಂಧಿಸಿದ್ದು, ಸಣ್ಣ ತಯಾರಕರಿಗೆ ಬಹುತೇಕ ಬರುವುದೇ ಇಲ್ಲ. ಮೂರನೆಯದನ್ನು ಎಲ್ಲರೂ ನೆನಪಿಡುತ್ತಾರೆ. ಹೆಚ್ಚು ಜನ ಎಡವುವುದು ನಾಲ್ಕನೆಯದರಲ್ಲಿ. ಅದರ ಉತ್ತರ ಸಾಲ ಕೊಟ್ಟವರ ಮನಸ್ಸಿನಲ್ಲಿ ಏನಿದೆ ಎನ್ನುವುದರ ಮೇಲೆ ನಿಂತಿಲ್ಲ. ಅವರು ನಾಳೆ ಬೆಳಗ್ಗೆ ದುಡ್ಡು ವಾಪಸ್ ಕೇಳಿದರೆ ಕೊಡಲ್ಲ ಎನ್ನುವ ಹಕ್ಕು ನಿಮ್ಮ ಕಾಗದದಲ್ಲಿ ಇದೆಯಾ ಅಷ್ಟೇ ನೋಡಬೇಕು.

ಮೊದಲನೆಯ ಪ್ರಶ್ನೆಯ ಆಪರೇಟಿಂಗ್ ಸೈಕಲ್ ಎಂದರೆ ಕಚ್ಚಾ ಮಾಲು ಕೊಂಡಾಗಿನಿಂದ ಅದು ಮಾಲಾಗಿ, ಮಾರಾಟವಾಗಿ, ದುಡ್ಡು ಕೈಗೆ ಬರುವವರೆಗಿನ ಅವಧಿ. ಅದು ಇಷ್ಟೇ ಎಂದು ಗುರುತಿಸಲು ಆಗದಿದ್ದರೆ 12 ತಿಂಗಳು ಎಂದು ಹಿಡಿಯಬೇಕು. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಈ ಸೈಕಲ್ ಎರಡು ಮೂರು ವರ್ಷ ಆಗಬಹುದು. ಆಗ ಕಂಟ್ರಾಕ್ಟರ್‌ಗೆ 18 ತಿಂಗಳ ಮೇಲೆ ಕೊಡುವ ಬಾಕಿಯೂ ಕರೆಂಟ್ ಆಗಿಯೇ ಉಳಿಯುತ್ತದೆ. ಆದರೆ ಈ ಸೈಕಲ್ ದಿನನಿತ್ಯದ ವ್ಯವಹಾರದ ಬಾಕಿಗಳಿಗೆ, ಅಂದರೆ ಮಾಲಿನ ಬಾಕಿ, ಸಂಬಳ, ಗ್ರಾಹಕರ ಮುಂಗಡ ಇಂಥವಕ್ಕೆ. ಮೆಷಿನ್‌ಗೆ ತೆಗೆದ ಟರ್ಮ್ ಲೋನ್‌ಗೆ 12 ತಿಂಗಳ ಪರೀಕ್ಷೆಯನ್ನೇ ಹಚ್ಚಬೇಕು.

ನಮ್ಮ ಕಂಪನಿಗೆ ಸೈಕಲ್ 12 ತಿಂಗಳಿಗಿಂತ ಕಡಿಮೆ. ಹಾಗಾಗಿ ಮಾಲಿನ ಬಾಕಿ 38, ತೆರಿಗೆ ಮತ್ತು ಪಿಎಫ್ 6, ಮುಂಗಡ 5, ಸಂಬಳ ಇತ್ಯಾದಿ 4, ಒಟ್ಟು 53 ಲಕ್ಷ ಯೋಚನೆ ಇಲ್ಲದೆ ಕರೆಂಟ್ ಕಾಲಂಗೆ ಹೋಗುತ್ತದೆ.

## ಹಂತ 3: ಕ್ಯಾಶ್ ಕ್ರೆಡಿಟ್ ಮತ್ತು ಓವರ್‌ಡ್ರಾಫ್ಟ್ ಅನ್ನು ಕರೆಂಟ್‌ನಲ್ಲಿ ಹಾಕಿ

"ಹತ್ತು ವರ್ಷದಿಂದ ಸಿಸಿ ನಡೀತಾ ಇದೆ ಸಾರ್, ಪ್ರತಿ ವರ್ಷ ರಿನ್ಯೂ ಆಗುತ್ತೆ, ಇದು ಲಾಂಗ್ ಟರ್ಮ್ ಅಲ್ವಾ?" ಈ ಪ್ರಶ್ನೆ ಮಾಲೀಕರಿಂದ ಬಂದೇ ಬರುತ್ತದೆ. ಉತ್ತರ ಸ್ಯಾಂಕ್ಷನ್ ಲೆಟರ್‌ನಲ್ಲೇ ಇರುತ್ತದೆ, ಅಲ್ಲಿ ಕೇಳಿದಾಗ ಮರುಪಾವತಿ ಎಂದು ಬರೆದಿರುತ್ತದೆ. ರಿನ್ಯೂ ಮಾಡುವುದು ಬಿಡುವುದು ಬ್ಯಾಂಕಿನ ಇಷ್ಟ. ಮುಂದೂಡುವ ಹಕ್ಕು ಕಂಪನಿಗೆ ಇಲ್ಲ. ಹಾಗಾಗಿ 40 ಲಕ್ಷವೂ ಕರೆಂಟ್.

ಈಗ ಕರೆಂಟ್ ಹೊಣೆ 93 ಲಕ್ಷ, ರೇಷಿಯೋ 1.61. ಬಹಳಷ್ಟು ಅಕೌಂಟೆಂಟ್‌ಗಳು ಇಲ್ಲಿಗೇ ನಿಲ್ಲಿಸುತ್ತಾರೆ. ಟರ್ಮ್ ಲೋನ್, ನಿರ್ದೇಶಕರ ಸಾಲ, ಗ್ರಾಚ್ಯುಟಿ ಮೂರನ್ನೂ ಇಡಿಯಾಗಿ ನಾನ್-ಕರೆಂಟ್‌ಗೆ ತಳ್ಳಿ ಕೈ ತೊಳೆದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

## ಹಂತ 4: ಟರ್ಮ್ ಲೋನ್ ಅನ್ನು ಎರಡಾಗಿ ಒಡೆಯಿರಿ

ಟರ್ಮ್ ಲೋನ್ ಒಂದೇ ಲೆಡ್ಜರ್ ಆಗಿದ್ದರೂ ಬ್ಯಾಲೆನ್ಸ್ ಶೀಟ್‌ನಲ್ಲಿ ಎರಡು ಕಡೆ ಬರಬೇಕು. ಮುಂದಿನ 12 ತಿಂಗಳಲ್ಲಿ ತೀರಿಸಬೇಕಾದ ಅಸಲು ಕರೆಂಟ್, ಮಿಕ್ಕಿದ್ದು ನಾನ್-ಕರೆಂಟ್. 2021ರ ಮಾರ್ಚ್‌ನಲ್ಲಿ 3ನೇ ಶೆಡ್ಯೂಲ್‌ಗೆ ಆದ ತಿದ್ದುಪಡಿಯ ಪ್ರಕಾರ ಈ ಕರೆಂಟ್ ಭಾಗವನ್ನು ಅಲ್ಪಾವಧಿ ಸಾಲಗಳ ಕೆಳಗೆ ಪ್ರತ್ಯೇಕವಾಗಿ ತೋರಿಸಬೇಕು. ಮೊದಲು ಅದು ಇತರ ಕರೆಂಟ್ ಹೊಣೆಗಳಲ್ಲಿ ಸೇರುತ್ತಿತ್ತು. ಹಳೆಯ ಎಕ್ಸೆಲ್ ಟೆಂಪ್ಲೇಟ್ ಬಳಸುವವರ ಶೀಟ್‌ನಲ್ಲಿ ಈಗಲೂ ಅಲ್ಲೇ ಕೂತಿರುತ್ತದೆ, ನೋಡಿಕೊಳ್ಳಿ.

ನಮ್ಮ ಕಂಪನಿಯ ಲೋನ್ ಬಾಕಿ 60 ಲಕ್ಷ, ಬಡ್ಡಿ ವರ್ಷಕ್ಕೆ 12%, ಇನ್ನು 48 ಕಂತು ಇದೆ. ಕಂತು ಸುಮಾರು 1,58,003 ರೂಪಾಯಿ. ಈಗ 1,58,003 ಅನ್ನು 12ರಿಂದ ಗುಣಿಸಿ 18.96 ಲಕ್ಷವನ್ನು ಕರೆಂಟ್‌ನಲ್ಲಿ ಹಾಕುವವರು ತುಂಬಾ ಜನ. ಅದು ತಪ್ಪು. ಕಂತಿನಲ್ಲಿ ಅಸಲೂ ಇದೆ, ಬಡ್ಡಿಯೂ ಇದೆ. ಮುಂದಿನ ವರ್ಷದ ಬಡ್ಡಿ ಮಾರ್ಚ್ 31ಕ್ಕೆ ಇನ್ನೂ ಹುಟ್ಟಿಲ್ಲ, ಹುಟ್ಟದ ಬಡ್ಡಿ ಹೊಣೆ ಆಗುವುದಿಲ್ಲ.

ಮೊದಲ ಕಂತನ್ನೇ ಬಿಡಿಸಿ ನೋಡಿ. 60 ಲಕ್ಷಕ್ಕೆ ತಿಂಗಳಿಗೆ 1% ಎಂದರೆ 60,000 ರೂಪಾಯಿ ಬಡ್ಡಿ. ಕಂತಿನಲ್ಲಿ ಉಳಿದ 98,003 ಅಸಲು. ಎರಡನೇ ತಿಂಗಳು ಬಡ್ಡಿ 59,020ಕ್ಕೆ ಇಳಿಯುತ್ತದೆ, ಅಸಲು 98,983ಕ್ಕೆ ಏರುತ್ತದೆ. ಹೀಗೆ 12 ತಿಂಗಳ ಅಸಲನ್ನು ಕೂಡಿದರೆ ಸುಮಾರು 12.43 ಲಕ್ಷ ಬರುತ್ತದೆ. ಎಕ್ಸೆಲ್‌ನಲ್ಲಿ ಎರಡೇ ಸಾಲು:

```
=-PMT(12%/12,48,6000000)
=-CUMPRINC(12%/12,48,6000000,1,12,0)
```

ಮೊದಲ ಸೂತ್ರ ಕಂತಿನ ಮೊತ್ತ ಕೊಡುತ್ತದೆ, ಎರಡನೆಯದು 1ರಿಂದ 12ನೇ ಕಂತಿನವರೆಗಿನ ಅಸಲು. ಸೂತ್ರದ ಶುರುವಿನಲ್ಲಿ ಮೈನಸ್ ಹಾಕಿರುವುದು ಎಕ್ಸೆಲ್ ಇವನ್ನು ಹೊರಹೋಗುವ ಹಣ ಎಂದು ಋಣ ಸಂಖ್ಯೆಯಾಗಿ ಕೊಡುವುದರಿಂದ. ಬಂದ ಉತ್ತರವನ್ನು ಬ್ಯಾಂಕ್ ಶೆಡ್ಯೂಲ್ ಜೊತೆ ತಾಳೆ ನೋಡಿ. 2026ರ ಮಾರ್ಚ್ 31ಕ್ಕೆ ಶೆಡ್ಯೂಲ್ ತೋರಿಸುವ ಬಾಕಿ ಸುಮಾರು 47.57 ಲಕ್ಷ ಇರಬೇಕು. ಅದೇ ನಿಮ್ಮ ನಾನ್-ಕರೆಂಟ್ ಭಾಗ. ಶೆಡ್ಯೂಲ್ ಕೈಯಲ್ಲಿ ಇದ್ದರೆ ಸೂತ್ರವೇ ಬೇಡ, ಒಂದು ವರ್ಷ ಮುಂದಿನ ಬಾಕಿ ನೋಡಿ ಇಂದಿನ ಬಾಕಿಯಿಂದ ಕಳೆದರೆ ಆಯಿತು. ನನಗೆ ಈ ದಾರಿಯೇ ಹೆಚ್ಚು ಇಷ್ಟ, ಏಕೆಂದರೆ ಬಡ್ಡಿ ದರ ನಡುವೆ ಬದಲಾಗಿದ್ದರೂ ಶೆಡ್ಯೂಲ್‌ನಲ್ಲಿ ಅದು ಸೇರಿರುತ್ತದೆ.

ಎರಡು ಕಡೆ ಎಚ್ಚರ ಬೇಕು. ಒಂದು, ಮೊರಟೋರಿಯಂ. ಹೊಸ ಲೋನ್‌ಗೆ ಮೊದಲ ಆರು ತಿಂಗಳು ಅಸಲು ಕಟ್ಟುವಂತಿಲ್ಲ ಎಂದಿದ್ದರೆ ಮುಂದಿನ ವರ್ಷದಲ್ಲಿ ಬರುವ ಅಸಲಿನ ಕಂತು ಆರು ಮಾತ್ರ, 12 ಅಲ್ಲ. ಇನ್ನೊಂದು, ಹಳೆಯ ಬಾಕಿ ಕಂತು. ಫೆಬ್ರವರಿ, ಮಾರ್ಚ್ ಕಂತು ಕಟ್ಟದೆ ಉಳಿದಿದ್ದರೆ ಆ ಅಸಲೂ ಕರೆಂಟ್‌ಗೆ ಸೇರಬೇಕು. ಅದರ ಮೇಲೆ ಈಗಾಗಲೇ ಹುಟ್ಟಿರುವ ಬಡ್ಡಿಯೂ ಕರೆಂಟ್. ಇದು ಹಳೆಯದು ಎಂದು ಬಿಟ್ಟು ಮುಂದಿನ 12 ಕಂತನ್ನಷ್ಟೇ ಎಣಿಸಿದರೆ ಲೆಕ್ಕ ಹೊಂದುವುದಿಲ್ಲ.

12.43 ಲಕ್ಷ ಸೇರಿದ ಮೇಲೆ ಕರೆಂಟ್ ಹೊಣೆ 105.43 ಲಕ್ಷ. ರೇಷಿಯೋ 1.61ರಿಂದ 1.42ಕ್ಕೆ ಇಳಿಯಿತು.

## ಹಂತ 5: ಗ್ರಾಚ್ಯುಟಿ

ಇದು ಬೇಗ ಮುಗಿಯುವ ಹಂತ. ಆಕ್ಚುಯರಿ ವರದಿಯಲ್ಲಿ ಕರೆಂಟ್ ಭಾಗ, ನಾನ್-ಕರೆಂಟ್ ಭಾಗ ಎಂದು ಬೇರೆ ಬೇರೆ ಸಂಖ್ಯೆ ಇರುತ್ತದೆ. ಅದನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ 9 ಲಕ್ಷದಲ್ಲಿ 1.5 ಲಕ್ಷ ಕರೆಂಟ್, 7.5 ಲಕ್ಷ ನಾನ್-ಕರೆಂಟ್. ಕರೆಂಟ್ ಹೊಣೆ 106.93 ಲಕ್ಷ, ರೇಷಿಯೋ 1.40. ವರದಿಯಲ್ಲಿ ಈ ವಿಂಗಡಣೆ ಕಾಣದಿದ್ದರೆ ಆಕ್ಚುಯರಿಯನ್ನೇ ಕೇಳಿ ಬರೆಸಿಕೊಳ್ಳಿ, ಅಂದಾಜು ಹಾಕಬೇಡಿ.

ಡಿಫರ್ಡ್ ಟ್ಯಾಕ್ಸ್ ಹೊಣೆ, ಅಂದರೆ ಮುಂದಿನ ವರ್ಷಗಳಿಗೆ ಹೋದ ತೆರಿಗೆಯ ಹೊಣೆ ಇದ್ದರೆ ಅದು ಯಾವಾಗಲೂ ನಾನ್-ಕರೆಂಟ್, ಒಡೆಯುವ ಪ್ರಶ್ನೆಯೇ ಬರುವುದಿಲ್ಲ.

## ಹಂತ 6: ನಿರ್ದೇಶಕರ ಸಾಲವನ್ನು ಕಾಗದದ ಮೇಲೆ ಪರೀಕ್ಷಿಸಿ

ಸಣ್ಣ ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ವಾದ ಆಗುವುದು ಇದರ ಮೇಲೆ. ಕಂಪನಿಗೆ ಕಷ್ಟ ಬಂದಾಗ ನಿರ್ದೇಶಕರು ತಮ್ಮ ಉಳಿತಾಯದಿಂದ 20 ಲಕ್ಷ ಹಾಕಿದ್ದಾರೆ. "ಆ ದುಡ್ಡು ನಾನು ಈಗ ಕೇಳಲ್ಲ, ಕಂಪನಿ ಚೆನ್ನಾಗಾದ ಮೇಲೆ ನೋಡೋಣ" ಎನ್ನುತ್ತಾರೆ. ಅವರು ಹೇಳುವುದು ನಿಜವೇ ಇರಬಹುದು. ಆದರೆ ಒಪ್ಪಂದ ಇಲ್ಲ, ವಾಪಸ್ ಕೊಡುವ ದಿನಾಂಕ ಇಲ್ಲ. ದಿನಾಂಕ ಇಲ್ಲದ ಸಾಲ ಕೇಳಿದಾಗ ಕೊಡಬೇಕಾದ ಸಾಲ. ನಾಲ್ಕನೇ ಪ್ರಶ್ನೆಗೆ ಹಿಂತಿರುಗಿ: 12 ತಿಂಗಳು ಮುಂದೂಡುವ ಹಕ್ಕು ಕಂಪನಿಗೆ ಇದೆಯಾ? ಇಲ್ಲ. ಹಾಗಾದರೆ 20 ಲಕ್ಷ ಪೂರ್ತಿ ಕರೆಂಟ್.

ಇದನ್ನು ಸೇರಿಸಿದರೆ ಕರೆಂಟ್ ಹೊಣೆ 126.93 ಲಕ್ಷ ಆಗುತ್ತದೆ, ರೇಷಿಯೋ 1.18ಕ್ಕೆ ಬೀಳುತ್ತದೆ. ಒಂದೇ ಒಂದು ಲೆಡ್ಜರ್ 0.22ರಷ್ಟು ಎಳೆಯಿತು.

ಸಾಲ ನಿಜವಾಗಿಯೂ ದೀರ್ಘಾವಧಿಯದ್ದೇ ಆಗಿದ್ದರೆ ಅದನ್ನು ಕಾಗದಕ್ಕೆ ತನ್ನಿ. ಬೋರ್ಡ್ ನಿರ್ಣಯ ಮಾಡಿ, ಕಂಪನಿ ಮತ್ತು ನಿರ್ದೇಶಕರ ನಡುವೆ ಸ್ಟ್ಯಾಂಪ್ ಪೇಪರ್ ಮೇಲೆ ಒಪ್ಪಂದ ಬರೆಸಿ. ಅದರಲ್ಲಿ ಮರುಪಾವತಿ ದಿನಾಂಕ ಸ್ಪಷ್ಟವಾಗಿರಬೇಕು, ಅದಕ್ಕಿಂತ ಮೊದಲು ನಿರ್ದೇಶಕರು ಕೇಳುವಂತಿಲ್ಲ ಎನ್ನುವ ಷರತ್ತೂ ಇರಬೇಕು. ಐದು ವರ್ಷದ ಅವಧಿ ಎಂದು ಮೊದಲ ಪುಟದಲ್ಲಿ ಬರೆದು, ಮೂರನೇ ಪುಟದಲ್ಲಿ "ಅಥವಾ ನಿರ್ದೇಶಕರು ಕೇಳಿದಾಗ" ಎಂದು ಸೇರಿಸಿದ ಒಪ್ಪಂದಗಳಿವೆ. ಆ ಒಂದು ಸಾಲು ಇಡೀ ಸಾಲವನ್ನು ಮತ್ತೆ ಕರೆಂಟ್‌ಗೆ ತಂದು ನಿಲ್ಲಿಸುತ್ತದೆ.

ಒಪ್ಪಂದ ಮಾರ್ಚ್ 31 ಅಥವಾ ಅದಕ್ಕೂ ಮೊದಲು ಆಗಿರಬೇಕು. ಜುಲೈನಲ್ಲಿ ಆಡಿಟ್ ನಡೆಯುವಾಗ ಹಿಂದಿನ ತಾರೀಖು ಹಾಕಿ ಬರೆಸುವುದು ಸುಳ್ಳು ದಾಖಲೆ ಸೃಷ್ಟಿಸಿದಂತೆ. ಸ್ಟ್ಯಾಂಪ್ ಪೇಪರ್ ಕೊಂಡ ದಿನವೇ ಅದನ್ನು ಬಯಲು ಮಾಡುತ್ತದೆ. ಈ ವರ್ಷ ತಪ್ಪಿದರೆ ಈ ವರ್ಷ ಕರೆಂಟ್ ಎಂದೇ ತೋರಿಸಿ, ಮುಂದಿನ ವರ್ಷಕ್ಕೆ ಸರಿ ಮಾಡಿಕೊಳ್ಳಿ.

ಒಪ್ಪಂದ ಇದ್ದ ಮಾತ್ರಕ್ಕೆ ಶಾಶ್ವತವಾಗಿ ನಾನ್-ಕರೆಂಟ್ ಆಗುವುದೂ ಇಲ್ಲ. 2026ರ ಸೆಪ್ಟೆಂಬರ್ 30ಕ್ಕೆ ವಾಪಸ್ ಕೊಡಬೇಕಾದ ಸಾಲ 2025ರ ಮಾರ್ಚ್ 31ಕ್ಕೆ ನಾನ್-ಕರೆಂಟ್, 2026ರ ಮಾರ್ಚ್ 31ಕ್ಕೆ ಕರೆಂಟ್. ಹಾಗಾಗಿ ಈ ವಿಂಗಡಣೆಯನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು, ಕಳೆದ ವರ್ಷದ ಶೀಟ್ ನಕಲು ಮಾಡುವಂತಿಲ್ಲ. ಇನ್ನೊಂದು ವಿಷಯ: ಐದು ವರ್ಷದ ಒಪ್ಪಂದ ಇದ್ದೂ ನಿರ್ದೇಶಕರು ಎರಡು ಮೂರು ತಿಂಗಳಿಗೊಮ್ಮೆ ಲಕ್ಷ, ಎರಡು ಲಕ್ಷ ತೆಗೆದುಕೊಂಡು ಹೋಗುತ್ತಿದ್ದರೆ ಲೆಡ್ಜರ್ ಬೇರೆಯೇ ಕಥೆ ಹೇಳುತ್ತದೆ. ಆಡಿಟರ್ ಆ ಒಪ್ಪಂದವನ್ನು ನಂಬುವುದಿಲ್ಲ, ನಂಬಲೂ ಬಾರದು.

## ಹಂತ 7: ಮಾರ್ಚ್ 31ರ ನಂತರ ನಡೆದದ್ದನ್ನು ಹಿಂದಕ್ಕೆ ಎಳೆಯಬೇಡಿ

2025ರ ಆಗಸ್ಟ್‌ನಲ್ಲಿ ತೀರಿಸಬೇಕಾದ ಒಂದು ಸಾಲ ಇತ್ತು, ಮೇ ತಿಂಗಳಲ್ಲಿ ಬ್ಯಾಂಕ್ ಅದನ್ನು ಮೂರು ವರ್ಷಕ್ಕೆ ವಿಸ್ತರಿಸಿತು ಅಂದುಕೊಳ್ಳಿ. ಲೆಕ್ಕಪತ್ರಕ್ಕೆ ಸಹಿ ಬೀಳುವುದು ಸೆಪ್ಟೆಂಬರ್‌ನಲ್ಲಿ. ಈಗ ಅದು ದೀರ್ಘಾವಧಿ ಸಾಲ ತಾನೇ ಎಂದು ನಾನ್-ಕರೆಂಟ್‌ಗೆ ಹಾಕುವ ಹಾಗಿಲ್ಲ. ಮಾರ್ಚ್ 31ರ ದಿನ ಕಂಪನಿಯ ಕೈಯಲ್ಲಿ ಮುಂದೂಡುವ ಹಕ್ಕು ಇರಲಿಲ್ಲ. ಆ ದಿನದ ಸ್ಥಿತಿ ಏನೋ ಅದೇ ಬ್ಯಾಲೆನ್ಸ್ ಶೀಟ್‌ಗೆ ಬರಬೇಕು. ವಿಸ್ತರಣೆಯ ವಿಷಯವನ್ನು ಟಿಪ್ಪಣಿಯಲ್ಲಿ ಹೇಳಬಹುದು.

ಸಾಲದ ಷರತ್ತು ಮುರಿದಾಗಲೂ ಇದೇ ಎಚ್ಚರ ಬೇಕು. ಕೆಲವು ಟರ್ಮ್ ಲೋನ್‌ಗಳ ಸ್ಯಾಂಕ್ಷನ್ ಲೆಟರ್‌ನಲ್ಲಿ, ರೇಷಿಯೋ ಇಷ್ಟಕ್ಕಿಂತ ಕೆಳಗೆ ಇಳಿದರೆ ಇಡೀ ಸಾಲವನ್ನು ವಾಪಸ್ ಕೇಳುವ ಹಕ್ಕು ಬ್ಯಾಂಕಿಗೆ ಇದೆ ಎಂದು ಇರುತ್ತದೆ. ಆಗ ಒಂದು ತಪ್ಪು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ನಮ್ಮ ಕಂಪನಿಯಲ್ಲಿ ಹಾಗಾಗಿ 47.57 ಲಕ್ಷವೂ ಕರೆಂಟ್‌ಗೆ ಬಂದರೆ ಕರೆಂಟ್ ಹೊಣೆ 174.5 ಲಕ್ಷ, ರೇಷಿಯೋ 0.86! ಬ್ಯಾಂಕ್ ಆಮೇಲೆ ಮನ್ನಿಸಿದರೆ ಏನು ಮಾಡಬೇಕು ಎನ್ನುವ ನಿಯಮ ಯಾವ ಲೆಕ್ಕಪತ್ರ ಮಾನದಂಡ ಅನ್ವಯಿಸುತ್ತದೆ ಎನ್ನುವುದರ ಮೇಲೆ ಬೇರೆ ಬೇರೆ. ಆಡಿಟರ್ ಜೊತೆ ಅದನ್ನು ಮೊದಲೇ ಮಾತಾಡಿಕೊಳ್ಳಿ. ಎಲ್ಲ ಸಂದರ್ಭಕ್ಕೂ ಸುರಕ್ಷಿತ ದಾರಿ ಎಂದರೆ ಫೆಬ್ರವರಿಯಲ್ಲೇ ಅಂದಾಜು ರೇಷಿಯೋ ತೆಗೆದು, ಷರತ್ತು ಮುರಿಯುವ ಸೂಚನೆ ಕಂಡರೆ ಮಾರ್ಚ್ 31ರೊಳಗೆ ಬ್ಯಾಂಕಿನಿಂದ ಲಿಖಿತ ವಿನಾಯಿತಿ ಪಡೆಯುವುದು. ವಿನಾಯಿತಿ 12 ತಿಂಗಳಿಗಿಂತ ಕಡಿಮೆ ಅವಧಿಯದ್ದಾದರೆ ಹೆಚ್ಚು ಉಪಯೋಗ ಇಲ್ಲ, ಪತ್ರದಲ್ಲಿ ಅವಧಿ ನೋಡಿ.

## ಹಂತ 8: ರೇಷಿಯೋಗಳನ್ನು ಒಂದೇ ಕಡೆ ಬರೆದು ಹೋಲಿಸಿ

| ಯಾವ ಹಂತದಲ್ಲಿ ನಿಲ್ಲಿಸಿದರೆ | ಕರೆಂಟ್ ಹೊಣೆ, ಲಕ್ಷ | ಕರೆಂಟ್ ರೇಷಿಯೋ |
|---|---|---|
| ಟ್ಯಾಲಿ ಗುಂಪುಗಳ ಪ್ರಕಾರ | 62.00 | 2.42 |
| ಕ್ಯಾಶ್ ಕ್ರೆಡಿಟ್ ಸೇರಿಸಿ, ಗ್ರಾಚ್ಯುಟಿ ಹೊರಗಿಟ್ಟು | 93.00 | 1.61 |
| ಟರ್ಮ್ ಲೋನ್ ಒಡೆದ ಮೇಲೆ | 105.43 | 1.42 |
| ಗ್ರಾಚ್ಯುಟಿ ಒಡೆದ ಮೇಲೆ | 106.93 | 1.40 |
| ನಿರ್ದೇಶಕರ ಸಾಲ ಸೇರಿದ ಮೇಲೆ | 126.93 | 1.18 |

ಕರೆಂಟ್ 126.93 ಮತ್ತು ನಾನ್-ಕರೆಂಟ್ 55.07 ಕೂಡಿದರೆ 182 ಬರಬೇಕು. ಬಾರದಿದ್ದರೆ ಯಾವುದೋ ಬಾಕಿ ಎರಡು ಕಡೆ ಸೇರಿದೆ, ಇಲ್ಲವೇ ಎಲ್ಲಿಯೂ ಸೇರಿಲ್ಲ.

ಕರೆಂಟ್ ಆಸ್ತಿಯಿಂದ ಕರೆಂಟ್ ಹೊಣೆ ಕಳೆದು ಉಳಿಯುವ ವರ್ಕಿಂಗ್ ಕ್ಯಾಪಿಟಲ್ ಕೂಡ ಜೊತೆಗೇ ಅಲುಗಾಡುತ್ತದೆ. 93 ಲಕ್ಷದಲ್ಲಿ ನಿಲ್ಲಿಸಿದವರಿಗೆ ಅದು 57 ಲಕ್ಷ, ಸರಿಯಾಗಿ ವಿಂಗಡಿಸಿದವರಿಗೆ 23.07 ಲಕ್ಷ. ಕ್ವಿಕ್ ರೇಷಿಯೋದಲ್ಲಿ ಸ್ಟಾಕ್ ಮತ್ತು ಮುಂಗಡ ಬಿಟ್ಟು 80 ಲಕ್ಷವನ್ನಷ್ಟೇ ಮೇಲೆ ಇಡುತ್ತೇವೆ. ಅದು 0.86ರಿಂದ 0.63ಕ್ಕೆ ಇಳಿಯುತ್ತದೆ. ಅಂದರೆ ಒಂದು ರೂಪಾಯಿ ಬಾಕಿಗೆ ಬೇಗ ಕೈಗೆ ಸಿಗುವ ದುಡ್ಡು 63 ಪೈಸೆ. ಸಾಲ ಮತ್ತು ಈಕ್ವಿಟಿಯ ರೇಷಿಯೋ ಮಾತ್ರ ಅಲುಗಾಡುವುದಿಲ್ಲ, ಏಕೆಂದರೆ ಒಟ್ಟು ಸಾಲ ಬದಲಾಗಿಲ್ಲ.

ಕಳೆದ ವರ್ಷದ ಕಾಲಂ ಅನ್ನೂ ಇದೇ ಕ್ರಮದಲ್ಲಿ ಮತ್ತೆ ವಿಂಗಡಿಸಿ. ಕಳೆದ ವರ್ಷ ತಪ್ಪಾಗಿ 1.61 ಎಂದು ತೋರಿಸಿ ಈ ವರ್ಷ 1.18 ಬರೆದರೆ ಸುಮಾರು 27% ಇಳಿಕೆ ಕಾಣುತ್ತದೆ. ರೇಷಿಯೋ 25%ಗಿಂತ ಹೆಚ್ಚು ಬದಲಾದರೆ ಟಿಪ್ಪಣಿಯಲ್ಲಿ ಕಾರಣ ಕೊಡಬೇಕು ಎಂದು 3ನೇ ಶೆಡ್ಯೂಲ್ ಹೇಳುತ್ತದೆ. ವ್ಯವಹಾರದಲ್ಲಿ ಏನೂ ಕೆಟ್ಟಿಲ್ಲದಿದ್ದರೂ ಕೆಟ್ಟಿದೆ ಎನ್ನುವ ಹಾಗೆ ಓದಿಸಿಕೊಳ್ಳುತ್ತದೆ.

## ಬ್ಯಾಂಕಿನವರ ಲೆಕ್ಕ ಎಲ್ಲಿ ಬೇರೆಯಾಗುತ್ತದೆ

ಕರೆಂಟ್ ರೇಷಿಯೋ 1.33 ಇರಬೇಕು ಎಂದು ಬ್ಯಾಂಕಿನಲ್ಲಿ ಕೇಳಿರುತ್ತೀರಿ. ಇದು ಬ್ಯಾಂಕುಗಳ ವರ್ಕಿಂಗ್ ಕ್ಯಾಪಿಟಲ್ ಸಾಲದ ಬಗ್ಗೆ 1974ರಲ್ಲಿ ನೇಮಕವಾದ ಟಂಡನ್ ಸಮಿತಿಯ ಎರಡನೇ ವಿಧಾನದಿಂದ ಬಂದದ್ದು. ಕರೆಂಟ್ ಆಸ್ತಿಯಲ್ಲಿ ಕನಿಷ್ಠ 25% ದೀರ್ಘಾವಧಿ ಹಣದಿಂದ ಬರಬೇಕು ಎನ್ನುವುದು ಅದರ ತಿರುಳು. ಹಾಗಾದರೆ ಕರೆಂಟ್ ಹೊಣೆ 75% ಮೀರುವಂತಿಲ್ಲ. 100 ಭಾಗಿಸು 75 ಎಂದರೆ 1.33.

ನಮ್ಮ ಕಂಪನಿಗೆ 150 ಲಕ್ಷದ 75% ಎಂದರೆ 112.5 ಲಕ್ಷ. ನಮ್ಮ ಕರೆಂಟ್ ಹೊಣೆ 126.93. ಅಂದರೆ 14.43 ಲಕ್ಷ ಜಾಸ್ತಿ ಇದೆ. ಇದನ್ನು ತಿಳಿದುಕೊಂಡು ಬ್ಯಾಂಕಿಗೆ ಹೋದರೆ ಮಾತು ಸುಲಭ. ಸಾಲ ಇರುವವರೆಗೆ ನಿರ್ದೇಶಕರು ತಮ್ಮ 20 ಲಕ್ಷವನ್ನು ವಾಪಸ್ ಪಡೆಯುವುದಿಲ್ಲ ಎಂಬ ಮುಚ್ಚಳಿಕೆ ಬರೆದುಕೊಟ್ಟರೆ, ಅನೇಕ ಬ್ಯಾಂಕುಗಳು ತಮ್ಮ ವಿಶ್ಲೇಷಣೆಯಲ್ಲಿ ಅದನ್ನು ದೀರ್ಘಾವಧಿ ಹಣ ಎಂದು ಪರಿಗಣಿಸುತ್ತವೆ. ಆಗ ಅವರ ಲೆಕ್ಕದಲ್ಲಿ ರೇಷಿಯೋ 1.40 ಆಗುತ್ತದೆ, ನಿಮ್ಮ ಆಡಿಟ್ ಆದ ಬ್ಯಾಲೆನ್ಸ್ ಶೀಟ್‌ನಲ್ಲಿ 1.18 ಇದ್ದರೂ ಸಹ. ಎರಡೂ ಸಂಖ್ಯೆಗಳನ್ನು ಒಂದು ಪುಟದಲ್ಲಿ ಬರೆದು, ನಡುವಿನ 20 ಲಕ್ಷ ಯಾವುದು ಎಂದು ತೋರಿಸಿ ಫೈಲ್ ಜೊತೆ ಇಡಿ. ಬ್ಯಾಂಕಿಗೆ 1.40 ಬರಲಿ ಎಂದು ಬ್ಯಾಲೆನ್ಸ್ ಶೀಟ್ ಅನ್ನೇ ತಿದ್ದುವ ಅಗತ್ಯ ಇಲ್ಲ.

ಟರ್ಮ್ ಲೋನ್‌ನ ಮುಂದಿನ ವರ್ಷದ ಕಂತನ್ನು ವರ್ಕಿಂಗ್ ಕ್ಯಾಪಿಟಲ್ ಮಿತಿ ನಿಗದಿ ಮಾಡುವಾಗ ಹೇಗೆ ನೋಡುತ್ತಾರೆ ಎನ್ನುವುದನ್ನು ಶಾಖೆಯಲ್ಲಿ ಕೇಳಿಯೇ ಸಿಎಂಎ ಡೇಟಾ, ಅಂದರೆ ಲೋನ್‌ಗಾಗಿ ಬ್ಯಾಂಕಿಗೆ ಕೊಡುವ ಲೆಕ್ಕದ ಪಟ್ಟಿ ತುಂಬಿ.

## ಬೇರೆಯವರ ಬ್ಯಾಲೆನ್ಸ್ ಶೀಟ್ ಓದುವಾಗ ಅನುಮಾನ ಪಡಬೇಕಾದ ಜಾಗ

ಟರ್ಮ್ ಲೋನ್ ಇದೆ, ಆದರೆ ಅಲ್ಪಾವಧಿ ಸಾಲಗಳ ಟಿಪ್ಪಣಿಯಲ್ಲಿ ಅದರ ಕರೆಂಟ್ ಭಾಗ ಕಾಣುತ್ತಿಲ್ಲ ಎಂದರೆ ರೇಷಿಯೋ ಉಬ್ಬಿದೆ. ಎರಡು ವರ್ಷದ ಅಂಕಿ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಕಳೆದ ವರ್ಷ ಕರೆಂಟ್ ಭಾಗ ಎಂದು ತೋರಿಸಿದ ಮೊತ್ತ, ಈ ವರ್ಷ ಕ್ಯಾಶ್ ಫ್ಲೋ ಪಟ್ಟಿಯಲ್ಲಿ ಸಾಲ ಮರುಪಾವತಿ ಎಂದು ತೋರಿಸಿದ ಮೊತ್ತಕ್ಕೆ ಹತ್ತಿರ ಇರಬೇಕು. ಕಳೆದ ವರ್ಷ 4 ಲಕ್ಷ ಎಂದು ಹೇಳಿ ಈ ವರ್ಷ 12 ಲಕ್ಷ ತೀರಿಸಿದ್ದರೆ, ಒಂದೋ ಅವಧಿಗೆ ಮೊದಲೇ ಕಟ್ಟಿದ್ದಾರೆ, ಇಲ್ಲವೇ ಕಳೆದ ವರ್ಷದ ವಿಂಗಡಣೆ ತಪ್ಪು. ಸಣ್ಣ ಕಂಪನಿಗಳಲ್ಲಿ ಕ್ಯಾಶ್ ಫ್ಲೋ ಪಟ್ಟಿ ಇರದೆಯೂ ಇರಬಹುದು, ಆಗ ಲೋನ್ ಸ್ಟೇಟ್‌ಮೆಂಟ್ ಕೇಳಿ.

ವಿಂಗಡಣೆ ಸರಿಯಿದ್ದೂ ರೇಷಿಯೋ ಮೇಲೇರುವ ಒಂದು ದಾರಿ ಇದೆ. ಮಾರ್ಚ್ ಕೊನೆಯ ವಾರ ಗ್ರಾಹಕರಿಂದ 30 ಲಕ್ಷ ವಸೂಲಿ ಮಾಡಿ ಅದನ್ನು ಕ್ಯಾಶ್ ಕ್ರೆಡಿಟ್‌ಗೆ ಕಟ್ಟಿದರು ಎಂದುಕೊಳ್ಳಿ. ಆಸ್ತಿ 120, ಹೊಣೆ 96.93, ರೇಷಿಯೋ 1.24. ವರ್ಕಿಂಗ್ ಕ್ಯಾಪಿಟಲ್ ಮಾತ್ರ ಅದೇ 23.07 ಲಕ್ಷ. ರೇಷಿಯೋ ಒಂದಕ್ಕಿಂತ ಮೇಲಿದ್ದಾಗ ಎರಡೂ ಕಡೆ ಸಮ ಮೊತ್ತ ಕಳೆದರೆ ಅದು ಏರುತ್ತದೆ, ಒಂದಕ್ಕಿಂತ ಕೆಳಗಿದ್ದಾಗ ಇನ್ನೂ ಇಳಿಯುತ್ತದೆ. ವಸೂಲಿ ಮಾಡಿ ಸಾಲ ಕಟ್ಟಿದ್ದು ಒಳ್ಳೆಯ ಕೆಲಸವೇ. ಆದರೆ ಏಪ್ರಿಲ್ ಮೊದಲ ವಾರವೇ ಆ 30 ಲಕ್ಷವನ್ನು ಮತ್ತೆ ಸಿಸಿಯಿಂದ ತೆಗೆದಿದ್ದಾರಾ ಎಂದು ನೋಡಲು ಏಪ್ರಿಲ್ 15ರವರೆಗಿನ ಸಿಸಿ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ತೆಗೆದಿದ್ದರೆ 1.24 ಅನ್ನು ಬಿಟ್ಟು 1.18 ಅನ್ನೇ ಆ ಕಂಪನಿಯ ರೇಷಿಯೋ ಎಂದು ಹಿಡಿಯಿರಿ.